ರೋಮ್ ಗಣರಾಜ್ಯ: ಸೆನೆಟ್‌ಗೆ ಕಾನೂನು ಮಾಡುವ ಅಧಿಕಾರವೇ ಇರಲಿಲ್ಲ ಅಂದಮೇಲೆ ಎಲ್ಲರೂ ಅದರ ಮಾತು ಯಾಕೆ ಕೇಳುತ್ತಿದ್ದರು?

ಹಂಪಿದಾರಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ರಾತ್ರಿ ಹೊತ್ತು ರೋಮ್‌ನ ಇತಿಹಾಸ ಓದುತ್ತಿದ್ದೇನೆ. ಸೀಸರ್ ಬರುವುದಕ್ಕೆ ಮುಂಚಿನ ಕಾಲ, ರಾಜ ಇಲ್ಲದ ರೋಮ್. ಒಂದು ಕಡೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಎಲ್ಲಾ ಕಡೆ ಒಂದೇ ಮಾತು ಬರೆದಿದ್ದಾರೆ. ಚುನಾಯಿತ ಅಧಿಕಾರಿಗಳು, ಸೆನೆಟ್, ಜನರ ಸಭೆ, ಈ ಮೂರೂ ಒಂದನ್ನೊಂದು ಹಿಡಿದಿಟ್ಟಿದ್ದವು ಅಂತ. ಆದರೆ ಕಾನೂನು ಪಾಸಾಗುತ್ತಿದ್ದುದು ಜನರ ಸಭೆಯಲ್ಲಿ. ಅಧಿಕಾರಿಗಳನ್ನು ಆರಿಸುತ್ತಿದ್ದವರೂ ಜನರೇ. ಸೆನೆಟ್ ಬರೀ ಸಲಹೆ ಕೊಡುತ್ತಿತ್ತಂತೆ. ಅಲ್ಲಿದ್ದ ಮುನ್ನೂರು ಜನರನ್ನು ಆ ಕುರ್ಚಿಗೆ ಅಂತ ಯಾರೂ ಆರಿಸಿರಲಿಲ್ಲ. ಆದರೂ ಊರು ನಡೆಯುತ್ತಿದ್ದುದು ಅವರ ಮಾತಿನಂತೆ. ಇದು ಹೇಗೆ? ಸುಮ್ನೆ ವ್ಯಾಖ್ಯಾನ ಬೇಡ. ಯಾರು ಯಾರನ್ನು ಹೇಗೆ ತಡೆದರು ಅಂತ ಕಣ್ಣಿಗೆ ಕಾಣುವ ಒಂದು ನಿಜವಾದ ಘಟನೆ ಇದ್ದರೆ ಹೇಳಿ.

ವಕೀಲ_ಧಾರವಾಡ

ಇದು ನಮ್ಮ ಸಂಸತ್ತಿನ ಹಾಗೇ. ಸೆನೆಟ್ ಅಂದರೆ ರಾಜ್ಯಸಭೆ, ಜನರ ಸಭೆ ಅಂದರೆ ಲೋಕಸಭೆ. ಮಸೂದೆ ಎರಡೂ ಕಡೆ ಪಾಸಾಗಬೇಕು. ಸೆನೆಟ್ ಒಪ್ಪದಿದ್ದರೆ ಅದು ಕಾನೂನಾಗುತ್ತಿರಲಿಲ್ಲ, ಅದಕ್ಕೇ ಅವರಿಗೆ ಅಷ್ಟು ಬಲ. ಇನ್ನು ಕಾನ್ಸಲ್ ಅಂತ ಇಬ್ಬರು. ಒಂದೇ ವರ್ಷದ ಅವಧಿ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು. ರಾಜ ಮತ್ತೆ ಹುಟ್ಟಬಾರದು ಅಂತ ಮಾಡಿಕೊಂಡ ಏರ್ಪಾಡು ಅದು.

ನಾಣ್ಯಪೆಟ್ಟಿಗೆ

ವಕೀಲರೇ, ಕಾನ್ಸಲ್‌ಗಳ ವಿಷಯ ನೀವು ಹೇಳಿದ್ದು ಸರಿ. ಸೆನೆಟ್ ವಿಷಯ ಹಾಗಲ್ಲ. ಅದು ಸಂಸತ್ತಿನ ಇನ್ನೊಂದು ಮನೆ ಆಗಿರಲೇ ಇಲ್ಲ. ಕ್ರಿ.ಪೂ. 287ರಲ್ಲಿ ಹೊರ್ಟೆನ್ಸಿಯನ್ ಕಾನೂನು ಬಂತು. ಅಲ್ಲಿಂದಾಚೆ ಸಾಮಾನ್ಯ ಜನರ ಸಭೆ ತೀರ್ಮಾನಿಸಿದ್ದು ಶ್ರೀಮಂತ ಮನೆತನಗಳೂ ಸೇರಿ ಇಡೀ ರೋಮ್‌ಗೆ ಅನ್ವಯ. ಸೆನೆಟ್‌ನ ಮುದ್ರೆ ಬೇಕಾಗಿಯೇ ಇಲ್ಲ. ಮಸೂದೆಯನ್ನು ಮೊದಲು ಸೆನೆಟ್‌ಗೆ ತೋರಿಸುವುದು ರೂಢಿಯಾಗಿತ್ತು, ಕಡ್ಡಾಯ ಆಗಿರಲಿಲ್ಲ.

ಹಾಗಾದರೆ ಬಲ ಎಲ್ಲಿಂದ ಬಂತು? ಒಬ್ಬ ಕಾನ್ಸಲ್‌ನ ವರ್ಷವನ್ನು ಹಿಂಬಾಲಿಸಿ ನೋಡಿ, ಗೊತ್ತಾಗುತ್ತದೆ.

ಅವನು ಬೀದಿಗೆ ಇಳಿದರೆ ಮುಂದೆ 12 ಜನ ಸೇವಕರು ಕೋಲಿನ ಕಟ್ಟು ಹೊತ್ತು ನಡೆಯುತ್ತಾರೆ. ಸೆನೆಟ್ ಕರೆಯಬಹುದು, ಜನರ ಸಭೆ ಕರೆಯಬಹುದು, ಸೈನ್ಯ ನಡೆಸಬಹುದು. ನೋಡಿದರೆ ರಾಜನೇ. ಆದರೆ ಸೈನ್ಯ ಕಟ್ಟಿಕೊಂಡು ಹೊರಟ ಮೇಲೆ ಆ ಸೈನಿಕರಿಗೆ ಕಾಳು ಬೇಕು, ಬಟ್ಟೆ ಬೇಕು, ಸಂಬಳ ಬೇಕು. ದುಡ್ಡು ಇರುವುದು ಶನಿದೇವರ ಗುಡಿಯಲ್ಲಿ, ರೋಮನ್ನರ ಸ್ಯಾಟರ್ನ್ ಗುಡಿ. ಅಲ್ಲೇ ಖಜಾನೆ. ಅಲ್ಲಿಂದ ಸೈನ್ಯಕ್ಕೆ ಇಷ್ಟು ಕೊಡಿ ಅಂತ ನಿರ್ಧರಿಸುವುದು ಸೆನೆಟ್. ವರ್ಷ ಮುಗಿಯಿತು, ಯುದ್ಧ ಮುಗಿದಿಲ್ಲ ಅನ್ನಿ. ಇವನೇ ಮುಂದುವರಿಯಬೇಕಾ, ಬೇರೆಯವನು ಬರಬೇಕಾ? ಸಾಮಾನ್ಯವಾಗಿ ಅದನ್ನು ಹೇಳುವುದೂ ಸೆನೆಟ್. ಗೆದ್ದು ಬಂದ. ಊರೊಳಗೆ ವಿಜಯದ ಮೆರವಣಿಗೆ ಬೇಕು. ಅದಕ್ಕೆ ಒಪ್ಪಿಗೆ ಮತ್ತು ಖರ್ಚು ಎರಡೂ ಸೆನೆಟ್‌ನಿಂದಲೇ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಧಿಕಾರದ ವರ್ಷ ಮುಗಿದ ಮೇಲೆ ಅವನು ಹೋಗಿ ಕೂರುವುದು ಅದೇ ಸೆನೆಟ್‌ನಲ್ಲಿ, ಬದುಕಿರುವವರೆಗೂ. ಅಲ್ಲಿರುವವರು ಬಹುತೇಕ ಹಳೆಯ ಅಧಿಕಾರಿಗಳೇ. ಒಂದು ವರ್ಷದ ಕುರ್ಚಿಯಲ್ಲಿದ್ದಾಗ ಅವರನ್ನು ಎದುರು ಹಾಕಿಕೊಂಡರೆ, ಉಳಿದ ಮೂವತ್ತು ವರ್ಷ ಅವರ ಪಕ್ಕದಲ್ಲೇ ಕೂರಬೇಕು. ಸಲಹೆಗೆ ಆಜ್ಞೆಯ ತೂಕ ಬಂದದ್ದು ಹೀಗೆ.

ಪೊಲಿಬಿಯಸ್ ಅಂತ ಒಬ್ಬ ಗ್ರೀಕ್. ರೋಮನ್ನರು ಅವನನ್ನು ಒತ್ತೆಯಾಳಾಗಿ ಕರೆತಂದಿದ್ದರು, ಅಲ್ಲೇ ವರ್ಷಗಟ್ಟಲೆ ಇದ್ದು ಎಲ್ಲವನ್ನೂ ಹತ್ತಿರದಿಂದ ನೋಡಿದ. ಅವನು ಬರೆದದ್ದರ ಸಾರ ಇದು: ಕಾನ್ಸಲ್‌ನನ್ನು ಮಾತ್ರ ನೋಡಿದರೆ ಇದು ರಾಜರ ಆಳ್ವಿಕೆ ಅನ್ನಿಸುತ್ತದೆ, ಸೆನೆಟ್ ಮಾತ್ರ ನೋಡಿದರೆ ದೊಡ್ಡವರ ಆಳ್ವಿಕೆ, ಜನರ ಕೈಲಿರುವುದನ್ನು ನೋಡಿದರೆ ಪ್ರಜೆಗಳ ಆಳ್ವಿಕೆ. ಮೂವರಿಗೂ ಇನ್ನಿಬ್ಬರ ಹಂಗು ಇದ್ದೇ ಇದೆ.

ಹಂಪಿದಾರಿ

ಸರ್, ಖಜಾನೆ ವಿಷಯ ಈಗ ಅರ್ಥವಾಯಿತು. ಆದರೆ ಜನರ ಸಭೆ ಅಷ್ಟು ಬಲವಾಗಿದ್ದರೆ ಅವರೇ ಒಂದು ಕಾನೂನು ಮಾಡಿ ಖಜಾನೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದಿತ್ತಲ್ವಾ? ಯಾಕೆ ಮಾಡಲಿಲ್ಲ?

ಕಬ್ಬಿನಗದ್ದೆ

ರೋಮ್ ನನಗೆ ಗೊತ್ತಿಲ್ಲ, ಗ್ರಾಮಸಭೆ ಗೊತ್ತು. ನಾನು ಮಂಡ್ಯ ಕಡೆಯವನು, ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದೆ. ಗ್ರಾಮಸಭೆಗೆ ಇಡೀ ಊರಿನ ಮತದಾರರು ಬರಬಹುದು ಅಂತ ಕಾನೂನು ಇದೆ. ಆದರೆ ಬರುವವರು ಯಾರು? ಪಂಚಾಯಿತಿ ಕಟ್ಟಡದ ಸುತ್ತಮುತ್ತ ಇರುವವರು. ದೂರದ ದೊಡ್ಡಿಯವರು ಕಬ್ಬು ಕಡಿಯುವ ಕಾಲದಲ್ಲಿ ಬರಲ್ಲ. ಒಂದು ಸಲ ಚರಂಡಿ ದುಡ್ಡು ದೊಡ್ಡಿಗೆ ಹೋಗಬೇಕಿತ್ತು, ಆ ದಿನ ಅಲ್ಲಿಂದ ಬಂದದ್ದು ಮೂರೇ ಜನ. ದುಡ್ಡು ಊರೊಳಗೇ ಉಳಿಯಿತು. ರೋಮ್‌ನಲ್ಲಿ ಹಳ್ಳಿಯವರು ಸಭೆಗೆ ಹೇಗೆ ಬರುತ್ತಿದ್ದರು? ನನಗೆ ಅದು ತಿಳಿಯಬೇಕು.

ನಾಣ್ಯಪೆಟ್ಟಿಗೆ

ಕಬ್ಬಿನಗದ್ದೆಯವರೇ, ನೀವು ಕೇಳಿದ್ದು ಈ ಕಥೆಯ ಗಂಟಲಿಗೇ ಕೈ ಹಾಕಿದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಸಭೆ ಹೇಗಿತ್ತು ನೋಡಿ.

ಸಭೆ ತಾನಾಗಿ ಸೇರುವಂತಿಲ್ಲ. ಒಬ್ಬ ಅಧಿಕಾರಿ ಕರೆಯಬೇಕು. ಮಸೂದೆಯನ್ನು ಮೂರು ಸಂತೆ ದಿನ ಕಳೆಯುವಷ್ಟು ಮುಂಚೆ ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟಿಸಬೇಕು. ಅವರ ಸಂತೆ ಎಂಟು ದಿನಕ್ಕೊಮ್ಮೆ. ಮತದ ದಿನ ಬಂದವನು ಎದ್ದು ನಿಂತು ಮಾತಾಡುವ ಹಾಗಿಲ್ಲ, ಒಂದು ಸಾಲು ಬದಲಿಸಿ ಅನ್ನುವ ಹಾಗೂ ಇಲ್ಲ. ಇಟ್ಟ ಮಸೂದೆಗೆ ಹೌದು ಅಥವಾ ಬೇಡ, ಅಷ್ಟೇ. ಹಾಗಾಗಿ ಹಂಪಿದಾರಿಯವರೇ, ಖಜಾನೆಯನ್ನು ಜನ ತಮ್ಮ ಕೈಗೆ ತೆಗೆದುಕೊಳ್ಳಬೇಕಾದರೆ ಅಂಥ ಮಸೂದೆಯನ್ನು ಒಬ್ಬ ಅಧಿಕಾರಿ ತರಬೇಕಿತ್ತು. ಆ ಅಧಿಕಾರಿ ನಾಳೆ ಸೆನೆಟ್‌ನಲ್ಲಿ ಕೂರುವವನು.

ಇನ್ನೊಂದು, ತಲೆ ಎಣಿಸುತ್ತಿರಲಿಲ್ಲ, ಗುಂಪು ಎಣಿಸುತ್ತಿದ್ದರು. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ 193 ಗುಂಪು. ಆಸ್ತಿ ಜಾಸ್ತಿ ಇದ್ದವರಿಗೆ ಗುಂಪುಗಳೂ ಜಾಸ್ತಿ. ಏನೂ ಆಸ್ತಿ ಇಲ್ಲದವರೆಲ್ಲಾ ಸೇರಿ ಒಂದೇ ಗುಂಪು, ಅದೂ ಕಟ್ಟಕಡೆಯಲ್ಲಿ. 97 ಗುಂಪು ಒಂದೇ ಕಡೆ ಬಿದ್ದರೆ ಎಣಿಕೆ ಮುಗಿಯಿತು. ಬಡವರ ಸರದಿ ಬರುತ್ತಿದ್ದುದೇ ಅಪರೂಪ.

ಕಾನೂನು ಮಾಡುವ ಸಭೆ ಬೇರೆ. ಅಲ್ಲಿ 35 ಟ್ರೈಬ್. ಬುಡಕಟ್ಟು ಅಂದುಕೊಳ್ಳಬೇಡಿ, ನಮ್ಮ ಹೋಬಳಿ ಥರ ಜಾಗದ ಲೆಕ್ಕ. ನಗರಕ್ಕೆ 4, ಹಳ್ಳಿಗೆ 31. ಪ್ರತಿ ಟ್ರೈಬ್‌ಗೆ ಒಂದು ಮತ. 18 ಬಂದರೆ ಗೆಲುವು. ಕೇಳಿದರೆ ಹಳ್ಳಿಯವರದೇ ರಾಜ್ಯ ಅನ್ನಿಸುತ್ತದೆ. ಆದರೆ ಮತ ಹಾಕಲು ರೋಮ್‌ಗೇ ಬರಬೇಕು. ಒಂದು ಹಳ್ಳಿ ಟ್ರೈಬ್‌ನಿಂದ ಆ ದಿನ ಯಾರು ಬಂದಿರುತ್ತಾರೋ ಅವರು ಹೇಳಿದ್ದೇ ಇಡೀ ಟ್ರೈಬ್‌ನ ಮಾತು.

ಈ ಸಭೆಯನ್ನು ಕರೆಯುವವರು ಟ್ರಿಬ್ಯೂನ್‌ಗಳು, ವರ್ಷಕ್ಕೆ 10 ಜನ. ಸಾಮಾನ್ಯ ಜನರ ಕಾವಲಿಗೆ ಅಂತ ಹುಟ್ಟಿದ ಹುದ್ದೆ. ರಾತ್ರಿ ಊರು ಬಿಟ್ಟು ಹೊರಗೆ ಉಳಿಯುವ ಹಾಗಿಲ್ಲ, ಮನೆ ಬಾಗಿಲು ಹಗಲೂ ರಾತ್ರಿ ತೆರೆದೇ ಇರಬೇಕು, ಕಷ್ಟದಲ್ಲಿದ್ದವನು ಯಾವಾಗ ಬೇಕಾದರೂ ಓಡಿಬರಬಹುದು. ಅವರ ಮೈ ಮುಟ್ಟಿದರೆ ಪಾಪ. ಹತ್ತರಲ್ಲಿ ಒಬ್ಬನೇ ಒಬ್ಬ "ತಡೆಯುತ್ತೇನೆ" ಅಂದರೆ ಯಾವ ಕೆಲಸವೂ ನಿಲ್ಲಬೇಕು. ವೀಟೋ ಅನ್ನುವ ಪದ ಲ್ಯಾಟಿನ್‌ನ ಈ ಮಾತೇ.

ನೀವು ಕೇಳಿದ ಘಟನೆ ಕ್ರಿ.ಪೂ. 133ರದ್ದು. ಟೈಬೀರಿಯಸ್ ಗ್ರಾಕಸ್ ಅನ್ನುವ ಟ್ರಿಬ್ಯೂನ್. ಇವತ್ತು ರಾತ್ರಿ ಪೂರ್ತಿಯಾಗಿ ಬರೆಯುತ್ತೇನೆ.

ಚಂದ್ರವಳ್ಳಿ

ಟೈಬೀರಿಯಸ್ ಅಂದರೆ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಬೆಳ್ಳಿ ನಾಣ್ಯದ ಮೇಲೆ ಇರುವವನೇ ಅಲ್ವಾ? ಚಿಕ್ಕಂದಿನಲ್ಲಿ ಶಾಲೆಯಿಂದ ಕರೆದುಕೊಂಡು ಹೋದಾಗ ಮೇಷ್ಟ್ರು ಹೇಳಿದ್ದು ಇನ್ನೂ ನೆನಪಿದೆ. ಅವನು ಚಕ್ರವರ್ತಿ ಅಂದಿದ್ದರು. ನೀವು ಟ್ರಿಬ್ಯೂನ್ ಅನ್ನುತ್ತಿದ್ದೀರಿ.

ನಾಣ್ಯಪೆಟ್ಟಿಗೆ

ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಚಂದ್ರವಳ್ಳಿಯ ನಾಣ್ಯದವನು ಚಕ್ರವರ್ತಿ ಟೈಬೀರಿಯಸ್, ಅಗಸ್ಟಸ್‌ನ ನಂತರ ಕ್ರಿ.ಶ. 14ರಲ್ಲಿ ಪಟ್ಟಕ್ಕೆ ಬಂದವನು. ನಾನು ಹೇಳುತ್ತಿರುವ ಗ್ರಾಕಸ್ ಅವನಿಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನವನು. ರೋಮನ್ನರಲ್ಲಿ ಇಡುವ ಹೆಸರುಗಳೇ ಕಡಿಮೆ, ಅದಕ್ಕೇ ಈ ಗೊಂದಲ. ನಿಮ್ಮ ಊರಿಗೆ ಆ ನಾಣ್ಯ ಬರುವ ಹೊತ್ತಿಗೆ ನಾವು ಮಾತಾಡುತ್ತಿರುವ ಗಣರಾಜ್ಯ ಮುಗಿದುಹೋಗಿತ್ತು.

ಮಲೆನಾಡ_ಮಗಳು

ಗ್ರಾಕಸ್ ಭೂಮಿತಿ ಕಾನೂನು ತಂದವನು ಅಲ್ವಾ ಸರ್? ಓದಿದ ನೆನಪು. ನಮ್ಮ ಅಪ್ಪ ಗೇಣಿದಾರ. 1974ರ ತಿದ್ದುಪಡಿ ಬಂದಮೇಲೆ ಫಾರಂ 7 ಹಾಕಿ, ಭೂನ್ಯಾಯಮಂಡಳಿ ಮುಂದೆ ನಾಲ್ಕಾರು ಸಲ ನಿಂತು, ಎರಡು ಎಕರೆ ಗದ್ದೆ ಅವರ ಹೆಸರಿಗೆ ಆಯಿತು. ಆ ಆದೇಶದ ಕಾಗದ ಈಗಲೂ ದೇವರ ಕೋಣೆಯ ಪೆಟ್ಟಿಗೆಯಲ್ಲಿದೆ. ಅದಕ್ಕೇ ಗ್ರಾಕಸ್ ಹೆಸರು ಕಂಡರೆ ನನಗೆ ಒಂಥರಾ ಹತ್ತಿರದವನು ಅನ್ನಿಸುತ್ತದೆ. ಅವನೂ ಜಮೀನ್ದಾರರ ಭೂಮಿ ಗೇಣಿದಾರರಿಗೆ ಕೊಡಿಸಿದನಾ?

ನಾಣ್ಯಪೆಟ್ಟಿಗೆ

ಮಗಳೇ, ಕಾಗದ ಜೋಪಾನ. ನಿಮ್ಮ ತಂದೆಯ ವಿಷಯ ಖಾಸಗಿ ಜಮೀನಿನದು. ಗ್ರಾಕಸ್ ಕೈ ಹಾಕಿದ್ದು ಸರ್ಕಾರಿ ಜಮೀನಿಗೆ. ರೋಮ್ ಇಟಲಿಯ ಊರುಗಳನ್ನು ಗೆದ್ದಾಗ ಕಿತ್ತುಕೊಂಡ ಭೂಮಿ ಅದು. ಹೆಸರಿಗೆ ರೋಮನ್ ಜನರದ್ದು. ಉಳುತ್ತಿದ್ದವರು, ಹಿಂಡು ಮೇಯಿಸುತ್ತಿದ್ದವರು ಶ್ರೀಮಂತರು, ತಲೆಮಾರುಗಳಿಂದ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಒತ್ತುವರಿ. ಒಬ್ಬನಿಗೆ 500 ಯುಗೆರಾ ಮಿತಿ ಇರಲಿ, ಅಂದರೆ ಸುಮಾರು 310 ಎಕರೆ, ಮಕ್ಕಳಿಗೆ ಇನ್ನಷ್ಟು. ಮಿಕ್ಕಿದ್ದನ್ನು ಬಿಡಿಸಿ ಭೂಮಿ ಇಲ್ಲದವರಿಗೆ ಹಂಚೋಣ ಅಂದ. ಹಂಚಲು ಮೂವರ ಸಮಿತಿ: ಅವನು, ಅವನ ತಮ್ಮ ಗಾಯಸ್, ಅವನ ಮಾವ ಅಪ್ಪಿಯಸ್ ಕ್ಲಾಡಿಯಸ್.

ಮಸೂದೆಯನ್ನು ಅವನು ಸೆನೆಟ್‌ಗೆ ತೋರಿಸದೆ ನೇರವಾಗಿ ಜನರ ಮುಂದೆ ಇಟ್ಟ. ರೂಢಿ ಮುರಿದ, ಕಾನೂನು ಮುರಿಯಲಿಲ್ಲ. ಹಳ್ಳಿಗಳಿಂದ ಜನ ಬಂದು ತುಂಬಿದರು. ಮತದ ದಿನ ಮಸೂದೆ ಓದು ಅಂತ ಗುಮಾಸ್ತನಿಗೆ ಹೇಳಿದ. ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬ ಟ್ರಿಬ್ಯೂನ್, ಮಾರ್ಕಸ್ ಆಕ್ಟೇವಿಯಸ್, ಓದಬೇಡ ಅಂದ. ಅಲ್ಲಿಗೆ ಸಭೆ ನಿಂತಿತು. ಬಡವರನ್ನು ಕಾಯಲು ಹುಟ್ಟಿದ ವೀಟೋ ಅದು, ಅವತ್ತು ಒತ್ತುವರಿದಾರರ ಪರವಾಗಿ ಕೆಲಸ ಮಾಡಿತು.

ಗ್ರಾಕಸ್ ಸುಮ್ಮನಾಗಲಿಲ್ಲ. ತಡೆಯುವ ಅಧಿಕಾರ ಅವನಿಗೂ ಇತ್ತು. ಈ ಮಸೂದೆಯ ಮತ ಆಗುವವರೆಗೆ ಬೇರೆ ಯಾವ ಅಧಿಕಾರಿಯೂ ಕೆಲಸ ಮಾಡಕೂಡದು ಅಂದ. ಸ್ಯಾಟರ್ನ್ ಗುಡಿಯ ಬಾಗಿಲಿಗೆ ತನ್ನ ಮುದ್ರೆ ಒತ್ತಿದ. ಒಂದು ಕಾಸು ಒಳಗೆ ಹೋಗಲ್ಲ, ಒಂದು ಕಾಸು ಹೊರಗೆ ಬರಲ್ಲ. ಇಬ್ಬರು ಟ್ರಿಬ್ಯೂನ್‌ಗಳ ಜಗಳಕ್ಕೆ ಇಡೀ ಊರಿನ ಆಡಳಿತ ನಿಂತುಹೋಯಿತು. ಹಿರಿಯರು ಕೈ ಹಿಡಿದು ಬೇಡಿಕೊಂಡ ಮೇಲೆ ವಿಷಯವನ್ನು ಸೆನೆಟ್‌ಗೆ ಒಯ್ದ. ಅಲ್ಲಿ ಬೈಗುಳ ಸಿಕ್ಕಿತು, ದಾರಿ ಸಿಗಲಿಲ್ಲ.

ಆಮೇಲೆ ಅವನು ಮಾಡಿದ್ದು ರೋಮ್‌ನಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ. ಆಕ್ಟೇವಿಯಸ್‌ನನ್ನು ಹುದ್ದೆಯಿಂದ ಇಳಿಸಬೇಕು ಅಂತ ಜನರ ಮುಂದೆಯೇ ಮಸೂದೆ ಇಟ್ಟ. ಟ್ರೈಬ್‌ಗಳು ಒಂದಾದ ಮೇಲೆ ಒಂದು ಮತ ಹಾಕುತ್ತಾ ಬಂದವು. ಕಾನೂನಿನ ಮತಕ್ಕೆ ಆಗಿನ್ನೂ ಗುಪ್ತ ಚೀಟಿ ಇರಲಿಲ್ಲ, ಅದು ಬಂದದ್ದು 131ರಲ್ಲಿ. ಎಣಿಸುವವನ ಮುಂದೆ ಬಾಯಿಬಿಟ್ಟು ಹೇಳಬೇಕು, ಅವನು ಹಲಗೆಯ ಮೇಲೆ ಚುಕ್ಕಿ ಹಾಕಿಕೊಳ್ಳುತ್ತಾನೆ. ಒಂದು, ಎರಡು, ಹತ್ತು, ಹದಿನೇಳು. ಎಲ್ಲವೂ ಇಳಿಸಿ ಅಂದವು. ಇನ್ನೊಂದು ಬಿದ್ದರೆ ಮುಗಿಯಿತು. ಆಗ ಗ್ರಾಕಸ್ ಮತ ನಿಲ್ಲಿಸಿ, ಎಲ್ಲರ ಕಣ್ಣೆದುರಿಗೆ ಆಕ್ಟೇವಿಯಸ್‌ನನ್ನು ಅಪ್ಪಿಕೊಂಡು, ವೀಟೋ ಬಿಟ್ಟುಬಿಡು ಅಂತ ಬೇಡಿಕೊಂಡ. ಆಕ್ಟೇವಿಯಸ್‌ನ ಕಣ್ಣಲ್ಲಿ ನೀರು ಬಂತಂತೆ. ತುಂಬ ಹೊತ್ತು ಮಾತಾಡದೆ ನಿಂತ. ಆಮೇಲೆ ಎದುರಿಗೆ ನಿಂತಿದ್ದ ಶ್ರೀಮಂತರ ಗುಂಪಿನ ಕಡೆ ನೋಡಿದ. ನಿನಗೆ ಬೇಕಾದ್ದು ಮಾಡಿಕೋ ಅಂದ. ಹದಿನೆಂಟನೇ ಟ್ರೈಬ್ ಮತ ಹಾಕಿತು. ಅವನನ್ನು ವೇದಿಕೆಯಿಂದ ಎಳೆದು ಇಳಿಸಿದರು. ಅವನನ್ನು ಉಳಿಸಲು ಅಡ್ಡ ನಿಂತ ಸೇವಕನ ಕಣ್ಣುಗಳೇ ಹೋದವು. ಭೂಮಿಯ ಮಸೂದೆ ಪಾಸಾಯಿತು.

ವಕೀಲ_ಧಾರವಾಡ

ಸೆನೆಟ್ ಬಗ್ಗೆ ನನ್ನ ತಪ್ಪು ಒಪ್ಪುತ್ತೇನೆ. ಆದರೆ ಇಲ್ಲಿ ಗ್ರಾಕಸ್ ಮಾಡಿದ್ದು ತಪ್ಪು, ಅದನ್ನು ಹೇಳಲೇಬೇಕು. ವೀಟೋ ಹಾಕಿದವನನ್ನು ಬಹುಮತದಿಂದ ತೆಗೆದುಹಾಕಬಹುದಾದರೆ ಆ ವೀಟೋಗೆ ಬೆಲೆ ಏನು? ಅದು ಇರುವುದೇ ಬಹುಮತವನ್ನು ತಡೆಯುವುದಕ್ಕೆ. ನಾಳೆ ಬಡವನೊಬ್ಬನನ್ನು ಕಾಯಲು ನಿಂತ ಟ್ರಿಬ್ಯೂನ್‌ನನ್ನೂ ಹೀಗೇ ಇಳಿಸುತ್ತಾರೆ. ಮೈ ಮುಟ್ಟಬಾರದ ಹುದ್ದೆಯವನನ್ನು ಎಳೆದು ಇಳಿಸಿದರು ಅಂತ ನೀವೇ ಬರೆದಿದ್ದೀರಿ.

ಮಲೆನಾಡ_ಮಗಳು

ವಕೀಲರೇ, ನಾನು ಒಪ್ಪಲ್ಲ. ಜನ ಕೊಟ್ಟ ಹುದ್ದೆ ಅದು. ಜನರಿಗೆ ವಿರುದ್ಧವಾಗಿ ಅದನ್ನು ಬಳಸಿದರೆ ಜನ ವಾಪಸ್ ತೆಗೆದುಕೊಳ್ಳಬಾರದಾ? 35ರಲ್ಲಿ 17 ಬಂದಿದ್ದವು, ಒಂದೂ ಅವನ ಪರ ಇರಲಿಲ್ಲ. ಹತ್ತರಲ್ಲಿ ಒಬ್ಬ ಬೇಡ ಅಂದ ಅಂತ ಇಷ್ಟೂ ಜನ ಬರಿಗೈಲಿ ಊರಿಗೆ ಹೋಗಬೇಕಿತ್ತಾ?

ನಾಣ್ಯಪೆಟ್ಟಿಗೆ

ನೀವಿಬ್ಬರೂ ಹೇಳಿದ್ದನ್ನು ಅವತ್ತಿನ ರೋಮ್‌ನಲ್ಲೂ ಹೇಳಿದರು. ಗ್ರಾಕಸ್ ತನ್ನನ್ನು ಸಮರ್ಥಿಸಿಕೊಂಡದ್ದು ಹೆಚ್ಚುಕಡಿಮೆ ಮಗಳು ಹೇಳಿದ ಹಾಗೇ. ನನ್ನ ಅಭಿಪ್ರಾಯ ವಕೀಲರ ಕಡೆಗೆ ಸ್ವಲ್ಪ ವಾಲುತ್ತದೆ. ಆದರೆ ಒಂದು ಮಾತು. ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಯಸಿದ್ದಕ್ಕೆ ಒಬ್ಬ ಟ್ರಿಬ್ಯೂನ್ ಕಡೆಯವರೆಗೂ ಅಡ್ಡ ನಿಲ್ಲುವುದು ಕೂಡ ರೂಢಿಯಲ್ಲಿ ಇರಲಿಲ್ಲ. ಒಂದು ಸಲ ಪ್ರತಿಭಟನೆ ತೋರಿಸಿ, ಆಮೇಲೆ ಹಿಂದೆ ಸರಿಯುವುದೇ ಸಾಮಾನ್ಯ. ಆಕ್ಟೇವಿಯಸ್ ಸರಿಯಲಿಲ್ಲ. ರೋಮ್‌ನಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಎಲ್ಲವನ್ನೂ ನಿಲ್ಲಿಸುವ ಅಧಿಕಾರ ಇತ್ತು. ಯಾರೂ ಅದನ್ನು ಕೊನೆಯವರೆಗೆ ಎಳೆಯುತ್ತಿರಲಿಲ್ಲ, ಅದಕ್ಕೇ ಅಷ್ಟು ವರ್ಷ ನಡೆಯಿತು. ಆ ವರ್ಷ ಎಲ್ಲರೂ ಎಳೆದರು.

ಈಗ ಸೆನೆಟ್ ಏನು ಮಾಡಿತು ನೋಡಿ. ಕಾನೂನನ್ನು ರದ್ದು ಮಾಡುವ ಅಧಿಕಾರ ಅದಕ್ಕಿಲ್ಲ. ಖಜಾನೆ ಇದೆಯಲ್ಲ. ಭೂಮಿ ಅಳೆಯುವ ಸಮಿತಿಯವರು ಊರೂರು ತಿರುಗಬೇಕು. ಸರ್ಕಾರದ ಖರ್ಚಿನಲ್ಲಿ ಒಂದು ಡೇರೆ ಕೊಡಿ ಅಂತ ಗ್ರಾಕಸ್ ಕೇಳಿದ. ಅದಕ್ಕಿಂತ ಸಣ್ಣ ಕೆಲಸಕ್ಕೂ ಹಿಂದೆ ಕೊಡುತ್ತಿದ್ದರು. ಸೆನೆಟ್ ಕೊಡಲಿಲ್ಲ. ದಿನದ ಭತ್ಯೆ ಒಂಬತ್ತು ಓಬೋಲ್ ಅಂತ ಗೊತ್ತು ಮಾಡಿತು, ಚಿಲ್ಲರೆ ಕಾಸು. ಅದನ್ನು ಸೂಚಿಸಿದವನು ಸಿಪಿಯೋ ನಾಸಿಕಾ, ಸ್ವತಃ ಬಹಳಷ್ಟು ಸರ್ಕಾರಿ ಭೂಮಿ ಇಟ್ಟುಕೊಂಡಿದ್ದವನು. ಹಂಪಿದಾರಿಯವರೇ, ನೀವು ಕೇಳಿದ ಪ್ರಶ್ನೆಗೆ ಆ ಡೇರೆಯೇ ಉತ್ತರ.

ಹಂಪಿದಾರಿ

ಡೇರೆ ಕೊಡದೆ ಒಂದು ಕಾನೂನನ್ನು ಸಾಯಿಸಬಹುದು! ಇದನ್ನು ಯಾವ ಪಾಠದಲ್ಲೂ ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ಅವನು ದುಡ್ಡಿಗೆ ಏನು ಮಾಡಿದ?

ನಾಣ್ಯಪೆಟ್ಟಿಗೆ

ದುಡ್ಡು ಸಮುದ್ರದಾಚೆಯಿಂದ ಬಂತು. ಈಗಿನ ಟರ್ಕಿಯಲ್ಲಿ ಪೆರ್ಗಮಮ್ ಅಂತ ಒಂದು ರಾಜ್ಯ. ಅದರ ರಾಜ ಮೂರನೇ ಅಟ್ಟಾಲಸ್ 133ರಲ್ಲಿ ಸತ್ತ. ತನ್ನ ರಾಜ್ಯವನ್ನು ರೋಮನ್ ಜನರಿಗೆ ಅಂತ ಉಯಿಲು ಬರೆದಿಟ್ಟಿದ್ದ. ಗ್ರಾಕಸ್ ತಕ್ಷಣ ಅದನ್ನು ಹಿಡಿದುಕೊಂಡ. ಆ ರಾಜನ ದುಡ್ಡನ್ನು ಭೂಮಿ ಸಿಕ್ಕವರಿಗೆ ನೇಗಿಲು, ದನ ಕೊಳ್ಳಲು ಹಂಚೋಣ ಅಂದ. ಅಲ್ಲಿನ ಪಟ್ಟಣಗಳನ್ನು ಏನು ಮಾಡಬೇಕು ಅನ್ನುವುದೂ ಸೆನೆಟ್‌ಗೆ ಸೇರಿದ್ದಲ್ಲ, ಜನರ ಮುಂದೆ ಇಡುತ್ತೇನೆ ಅಂದ.

ಭೂಮಿ ಕಾನೂನಿಗಿಂತ ಇದು ಸೆನೆಟ್‌ಗೆ ಜಾಸ್ತಿ ನೋವು ಮಾಡಿತು ಅಂತ ನನಗನ್ನಿಸುತ್ತದೆ. ಖಜಾನೆ ಮತ್ತು ಹೊರದೇಶದ ವ್ಯವಹಾರ, ಸೆನೆಟ್ ನಿಂತಿದ್ದದ್ದೇ ಈ ಎರಡು ಕಾಲಿನ ಮೇಲೆ. ಇವನು ಎರಡಕ್ಕೂ ಕೈ ಹಾಕಿದ. ಸಂಪ್ರದಾಯ ಬಿಟ್ಟರೆ ಅವನನ್ನು ತಡೆಯುವ ಲಿಖಿತ ಕಾನೂನು ಯಾವುದೂ ಇರಲಿಲ್ಲ.

ಅವನ ವರ್ಷ ಮುಗಿಯುತ್ತಾ ಬಂದಿತ್ತು. ಹುದ್ದೆಯಿಂದ ಇಳಿದ ದಿನ ಮೈ ಮೇಲಿನ ರಕ್ಷಣೆ ಹೋಗುತ್ತದೆ, ಮೊಕದ್ದಮೆ ಬೀಳುತ್ತದೆ. ಅದಕ್ಕೇ ಮತ್ತೆ ಟ್ರಿಬ್ಯೂನ್ ಸ್ಥಾನಕ್ಕೆ ನಿಂತ. ಈಗ ಕಬ್ಬಿನಗದ್ದೆಯವರ ಪ್ರಶ್ನೆಗೆ ಬರುತ್ತೇನೆ. ಚುನಾವಣೆ ಇದ್ದದ್ದು ಬೇಸಿಗೆಯಲ್ಲಿ. ಇಟಲಿಯಲ್ಲಿ ಅದು ಗೋಧಿ ಸುಗ್ಗಿ. ಮಸೂದೆಗೆ ಮತ ಹಾಕಲು ಹಿಂಡು ಹಿಂಡಾಗಿ ಬಂದಿದ್ದ ಹಳ್ಳಿಯವರು ಈಗ ಹೊಲದಲ್ಲಿದ್ದರು. ಬನ್ನಿ ಅಂತ ಹೇಳಿ ಕಳಿಸಿದ. ಕುಯಿಲು ಬಿಟ್ಟು ಯಾರು ಬರುತ್ತಾರೆ? ಕೊನೆಗೆ ನಗರದ ಜನರ ಮುಂದೆ, ಮಗನನ್ನು ಕೈಹಿಡಿದುಕೊಂಡು ನಿಂತು, ನನ್ನನ್ನು ಕಾಪಾಡಿ ಅಂತ ಕೇಳಿದ.

ಕಬ್ಬಿನಗದ್ದೆ

ಇದನ್ನು ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ಅದೇ ಜನ, ಅದೇ 31 ಮತ. ಆರು ತಿಂಗಳಲ್ಲಿ ಬೆಳೆ ಹಣ್ಣಾಯಿತು ಅಷ್ಟೇ. ಅವರು ಅವನನ್ನು ಕೈಬಿಟ್ಟರು ಅಂತ ಹೇಳಲು ನನಗೆ ಮನಸ್ಸಾಗಲ್ಲ. ನಿಂತ ಬೆಳೆಯನ್ನು ಬಿಟ್ಟು ಬರಲು ಆಗಲ್ಲ. ಮಳೆ ಬಂದರೆ ವರ್ಷದ ಅನ್ನ ಹೋಯಿತು.

ವಕೀಲ_ಧಾರವಾಡ

ಆಗ ಕಾನ್ಸಲ್‌ಗಳು ಎಲ್ಲಿದ್ದರು? ಇಬ್ಬರಲ್ಲಿ ಒಬ್ಬನಾದರೂ ಮಧ್ಯೆ ಬರಬೇಕಿತ್ತಲ್ಲ. ಇಷ್ಟೊತ್ತು ಅವರ ಸುದ್ದಿಯೇ ಇಲ್ಲ.

ನಾಣ್ಯಪೆಟ್ಟಿಗೆ

ಒಬ್ಬ ಸಿಸಿಲಿಯಲ್ಲಿ ಗುಲಾಮರ ದಂಗೆ ಅಡಗಿಸಲು ಹೋಗಿದ್ದ. ಊರಲ್ಲಿದ್ದವನು ಪುಬ್ಲಿಯಸ್ ಮೂಸಿಯಸ್ ಸ್ಕೆವೋಲಾ. ದೊಡ್ಡ ಕಾನೂನು ಪಂಡಿತ. ಭೂಮಿ ಮಸೂದೆ ಬರೆಯುವಾಗ ಗ್ರಾಕಸ್‌ಗೆ ಸಲಹೆ ಕೊಟ್ಟವರಲ್ಲಿ ಅವನೂ ಒಬ್ಬ. ಸೆನೆಟ್ ಎಂದರೆ ಎಲ್ಲರೂ ಒಂದೇ ಕಡೆ ಅಂದುಕೊಳ್ಳಬೇಡಿ, ಗ್ರಾಕಸ್‌ನ ಮಾವನೂ ಅಲ್ಲಿನ ಹಿರಿಯನೇ.

ಚುನಾವಣೆಯ ದಿನ ಕ್ಯಾಪಿಟಲ್ ಗುಡ್ಡದ ಮೇಲೆ ಮತ ನಡೆಯುತ್ತಿತ್ತು. ಹತ್ತಿರದಲ್ಲೇ ಫೀಡೆಸ್ ದೇವಿಯ ಗುಡಿಯಲ್ಲಿ ಸೆನೆಟ್ ಸೇರಿತ್ತು. ಹೊರಗೆ ಗಲಾಟೆ. ಗ್ರಾಕಸ್ ತಲೆ ಮುಟ್ಟಿಕೊಂಡ, ಪ್ರಾಣಕ್ಕೆ ಅಪಾಯ ಇದೆ ಅನ್ನುವ ಸನ್ನೆ. ಕಿರೀಟ ಕೇಳುತ್ತಿದ್ದಾನೆ ಅಂತ ಒಳಗೆ ಸುದ್ದಿ ಹೋಯಿತು. ನಾಸಿಕಾ ಎದ್ದು, ಕಾನ್ಸಲ್ ಆ ಸರ್ವಾಧಿಕಾರಿಯನ್ನು ಮುಗಿಸಬೇಕು ಅಂದ. ಸ್ಕೆವೋಲಾ ಒಪ್ಪಲಿಲ್ಲ. ಹಿಂಸೆಗೆ ನಾನು ಮೊದಲಾಗಲ್ಲ, ವಿಚಾರಣೆ ಇಲ್ಲದೆ ಯಾವ ನಾಗರಿಕನನ್ನೂ ಕೊಲ್ಲಲ್ಲ ಅಂದ. ಗ್ರಾಕಸ್ ಜನರಿಂದ ಅಕ್ರಮವಾಗಿ ಏನಾದರೂ ಪಾಸು ಮಾಡಿಸಿದರೆ ಅದನ್ನು ಮಾನ್ಯ ಮಾಡಲ್ಲ, ಅಷ್ಟೇ ಅಂದ.

ನಾಸಿಕಾ ಆಗ ಯಾವ ಚುನಾಯಿತ ಅಧಿಕಾರದಲ್ಲೂ ಇರಲಿಲ್ಲ. ಅವನು ಮುಖ್ಯ ಅರ್ಚಕ. ಬಟ್ಟೆಯ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ರಾಜ್ಯ ಉಳಿಸಬೇಕು ಅನ್ನುವವರು ನನ್ನ ಹಿಂದೆ ಬನ್ನಿ ಅಂತ ಹೊರಟ. ಸೆನೆಟರ್‌ಗಳು ಹಿಂದೆ ನಡೆದರು. ದಾರಿಯಲ್ಲಿ ಮುರಿದು ಬಿದ್ದಿದ್ದ ಬೆಂಚುಗಳ ಕಾಲು ಕಿತ್ತುಕೊಂಡರು. ಗ್ರಾಕಸ್ ಓಡುವಾಗ ಎಡವಿ ಬಿದ್ದ, ಏಳುವಾಗ ತಲೆಗೆ ಹೊಡೆದರು. ಅವತ್ತು ಸತ್ತವರು 300ಕ್ಕೂ ಜಾಸ್ತಿ. ಎಲ್ಲರೂ ಕೋಲು ಕಲ್ಲಿನ ಏಟಿಗೇ ಸತ್ತರು, ಕತ್ತಿಯಿಂದ ಒಬ್ಬನೂ ಅಲ್ಲ. ರಾತ್ರಿ ಹೆಣಗಳನ್ನು ಟೈಬರ್ ನದಿಗೆ ಎಸೆದರು. ಅಣ್ಣನ ದೇಹ ಕೊಡಿ ಅಂತ ಗಾಯಸ್ ಕೇಳಿದರೂ ಕೊಡಲಿಲ್ಲ.

ಮಲೆನಾಡ_ಮಗಳು

ಸ್ಕೆವೋಲಾ ಒಳ್ಳೆಯ ಮನುಷ್ಯನೇ ಇರಬಹುದು. ಆದರೆ ಅವನ ಮುಂದೆ 12 ಜನ ಸೇವಕರಿದ್ದರು, ಅಧಿಕಾರ ಇತ್ತು. ನಾನು ಕೊಲ್ಲಲ್ಲ ಅಂದ, ಸರಿ. ನಾಸಿಕಾ ಬಾಗಿಲು ದಾಟುವಾಗ ನಿಲ್ಲು ಅಂತ ಯಾಕೆ ಅನ್ನಲಿಲ್ಲ? ಇದಕ್ಕೆ ನನಗೆ ಉತ್ತರ ಬೇಕು.

ವಕೀಲ_ಧಾರವಾಡ

ಕಾನೂನಿನ ಪ್ರಕಾರ ಅವನು ಮಾಡಿದ್ದು ಸರಿ. ಆದರೆ ನೀವು ಕೇಳಿದ್ದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಆಮೇಲೆ ಅವನು ನಾಸಿಕಾನ ಮೇಲೆ ವಿಚಾರಣೆ ನಡೆಸಿದನಾ?

ನಾಣ್ಯಪೆಟ್ಟಿಗೆ

ಇಲ್ಲ. ನಾಸಿಕಾ ಮಾಡಿದ್ದು ಸರಿ ಅಂತ ಸ್ಕೆವೋಲಾ ಆಮೇಲೆ ಸಮರ್ಥಿಸಿದ ಅಂತ ಸಿಸೆರೋ ಬರೆಯುತ್ತಾನೆ. ಮಗಳ ಪ್ರಶ್ನೆ ಹಾಗೇ ಇರಲಿ, ನನಗೂ ಅದು ಬಗೆಹರಿದಿಲ್ಲ. ನಾಸಿಕಾನನ್ನು ಸೆನೆಟ್ ಒಂದು ನೆಪ ಮಾಡಿ ಏಷ್ಯಾಗೆ ಕಳಿಸಿತು. ಜನ ಬೀದಿಯಲ್ಲಿ ಕಂಡ ಕಂಡಲ್ಲಿ ಕೊಲೆಗಾರ ಅನ್ನುತ್ತಿದ್ದರು. ಅವನು ಪೆರ್ಗಮಮ್‌ನಲ್ಲೇ ಸತ್ತ.

ಹಂಪಿದಾರಿ

ಕೊನೆಯದಾಗಿ ಒಂದು ಕೇಳುತ್ತೇನೆ ಸರ್. ಗ್ರಾಕಸ್ ಹೋದಮೇಲೆ ಭೂಮಿ ಕಾನೂನನ್ನು ಸೆನೆಟ್ ಕಿತ್ತು ಹಾಕಿತಾ?

ನಾಣ್ಯಪೆಟ್ಟಿಗೆ

ಕಿತ್ತು ಹಾಕುವ ಅಧಿಕಾರ ಅದಕ್ಕೆ ಆಗಲೂ ಇರಲಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ. ಸಮಿತಿಯಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಬ್ಬನನ್ನು ಆರಿಸಿದರು, ಅಳತೆ ಮುಂದುವರಿಯಿತು. ದಕ್ಷಿಣ ಇಟಲಿಯ ಹೊಲಗಳಲ್ಲಿ ಅವರು ನೆಟ್ಟ ಗಡಿಕಲ್ಲುಗಳು ಸಿಕ್ಕಿವೆ, ನಮ್ಮ ಸರ್ವೆ ಕಲ್ಲಿನ ಹಾಗೆ. ಮೇಲೆ ಸಮಿತಿಯ ಮೂವರ ಹೆಸರು ಕೆತ್ತಿದೆ. ಗಾಯಸ್ ಗ್ರಾಕಸ್, ಅವನ ಅಣ್ಣನ ಮಾವ ಅಪ್ಪಿಯಸ್ ಕ್ಲಾಡಿಯಸ್, ಮೂರನೆಯವನು ಪುಬ್ಲಿಯಸ್ ಲಿಸಿನಿಯಸ್ ಕ್ರಾಸಸ್. ಟೈಬೀರಿಯಸ್‌ನ ಜಾಗಕ್ಕೆ ಬಂದ ಈ ಕ್ರಾಸಸ್ ಗಾಯಸ್‌ಗೆ ಹೆಣ್ಣು ಕೊಟ್ಟ ಮಾವ. ಸ್ಕೆವೋಲಾನ ಒಡಹುಟ್ಟಿದವನೂ ಅವನೇ.